ಮುಯ್ಯಿಗೆ ನೋಡಿದ ಜಾಹೀರಾತು

ನಮ್ಮ ಆಟದಲ್ಲಿ ಒಂದು ಕೆಂಪು ಬಸ್ಸಿದೆ. ಮೊಬೈಲ್ ತೆರೆದರೆ ಅದು ಕಡೂರಿನ ನಿಲ್ದಾಣದಲ್ಲಿ ನಿಂತಿರುತ್ತದೆ, ಕೆಳಗೆ ಜನ ಕಾಯುತ್ತಿರುತ್ತಾರೆ. ಒಬ್ಬರ ಕೈಯಲ್ಲಿ ಕೋಳಿ ಬುಟ್ಟಿ, ಇನ್ನೊಬ್ಬರ ತಲೆ ಮೇಲೆ ತೆಂಗಿನಕಾಯಿ ಮೂಟೆ, ಮತ್ತೊಬ್ಬಾಕೆಯ ಸೊಂಟದ ಮೇಲೆ ಮಗು. ಆಡುವವರು ಒಬ್ಬೊಬ್ಬರನ್ನೇ ಬೆರಳಿನಿಂದ ಎಳೆದು ಸೀಟಿಗೆ ಕೂರಿಸಬೇಕು. ಮೊದಲು ಇಳಿಯುವವರು ಬಾಗಿಲ ಹತ್ತಿರ, ಕೊನೆಯಲ್ಲಿ ಇಳಿಯುವವರು ಹಿಂದೆ. ದಾರಿಗೆ ಅಡ್ಡವಾಗಿ ಯಾರನ್ನಾದರೂ ಕೂರಿಸಿ ಜಾಗ ಮುಗಿದರೆ ಕಂಡಕ್ಟರ್ ಸೀಟಿ ಊದುತ್ತಾನೆ, ಆಟ ನಿಂತುಹೋಗುತ್ತದೆ. ಇಷ್ಟೇ ಆಟ.

ಆಗ ಕೈ ಹಿಡಿಯುವುದು ಟವೆಲ್. ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದರೆ ಆ ಸೀಟು ಎಸೆದವನದು. ಆಮೇಲೆ ಹತ್ತಿದವರು ಗೊಣಗಬಹುದು, ಟವೆಲ್ ತೆಗೆಯುವಂತಿಲ್ಲ. ಆಟದಲ್ಲೂ ಹಾಗೆಯೇ. ಒಂದು ಟವೆಲ್ ಹಾಕಿದರೆ ಒಂದು ಸೀಟು ಹೆಚ್ಚುವರಿಯಾಗಿ ಸಿಗುತ್ತದೆ, ನಿಂತ ಆಟ ಮುಂದುವರಿಯುತ್ತದೆ.

ಈ ಆಟ ಮಾಡಿದ್ದು ನನ್ನ ಅಕ್ಕನ ಮಗಳು. ಶಿವನಿ ಅನ್ನುವ ಊರಿಗೆ ಮದುವೆ ಮಾಡಿ ಕೊಟ್ಟ ಹುಡುಗಿ. ಬೆಳಿಗ್ಗೆ ಅಲ್ಲಿಂದ ರೈಲು ಹತ್ತಿ ಕಡೂರಿಗೆ ಬಂದು, ನನ್ನ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಜೆಯವರೆಗೆ ಕೂತು ಪ್ರೋಗ್ರಾಂ ಬರೆಯುತ್ತಿದ್ದಳು. ನನ್ನ ಪಾಲಿನ ಕೆಲಸ ಮಾತು ಬರೆಯುವುದು. ಬಸ್ಸಿನ ಮುದುಕಿ "ಒಸಿ ಜರುಗಪ್ಪಾ, ನಿನ್ ಕಾಲೇನು ಕಡೂರಿಂದ ಬೀರೂರವರ್ಗೂ ಐತಾ?" ಅನ್ನುತ್ತಾಳಲ್ಲ, ಅದು ನನ್ನದು. ನನ್ನದೆಂದರೆ ನಮ್ಮ ಚಿಕ್ಕವ್ವನದು. ಪಂಚನಹಳ್ಳಿಯಲ್ಲಿರುವ ಈ ಚಿಕ್ಕವ್ವ, ನಮ್ಮ ತಾಯಿಯ ತಂಗಿ, ಬಾಯಿ ತೆರೆದರೆ ಒಂದು ಮಾತಾದರೂ ಬರೆದಿಟ್ಟುಕೊಳ್ಳಬೇಕು ಅನ್ನಿಸುವಂಥ ಹೆಂಗಸು. ಜನ ನಮ್ಮ ಆಟವನ್ನು ಇಷ್ಟಪಟ್ಟಿದ್ದು ಬಸ್ಸಿಗಿಂತ ಆ ಮಾತುಗಳಿಗೆ ಎಂದು ನಾನು ನಂಬಿದ್ದೆ. ಸೊಸೆ ಇದನ್ನು ಅರ್ಧ ಮಾತ್ರ ಒಪ್ಪುತ್ತಿದ್ದಳು. (ಅಕ್ಕನ ಮಗಳನ್ನು ನಮ್ಮಲ್ಲಿ ಸೊಸೆ ಅಂತಲೇ ಕರೆಯುವುದು. ಇಲ್ಲಿಯೂ ಹಾಗೇ ಕರೆಯುತ್ತೇನೆ.)

"ಮಾತಿಗೆ ಜನ ಬರ್ತಾರೆ ಮಾವ. ನಾಳೇನೂ ಬರ್ಬೇಕಲ್ಲ?" ಅನ್ನುತ್ತಿದ್ದಳು.

ಅವಳ ಚಿಂತೆಯೆಲ್ಲ ಆ ನಾಳೆಯದು. ದಿನಾ ಬೆಳಿಗ್ಗೆ ಬ್ಯಾಗು ಇಳಿಸಿದ ತಕ್ಷಣ ಅವಳು ನೋಡುತ್ತಿದ್ದುದು ಒಂದೇ ಪಟ್ಟಿ. ಒಂದು ದಿನ ಹೊಸದಾಗಿ ಆಟ ಹಾಕಿಕೊಂಡವರಲ್ಲಿ ಮರುದಿನ ಎಷ್ಟು ಜನ ಮತ್ತೆ ತೆರೆದರು, ಏಳನೇ ದಿನ ಎಷ್ಟು ಜನ ಉಳಿದರು. ಎಷ್ಟು ಜನ ಹಾಕಿಕೊಂಡರು ಅನ್ನುವುದನ್ನು ನೋಡಿ ನಾನು ಹಿಗ್ಗಿದರೆ, ಅವಳು ಏಳನೇ ದಿನದ ಅಂಕಿಯ ಮೇಲೆ ಬೆರಳಿಡುತ್ತಿದ್ದಳು. "ಮದ್ವೆ ಮನೆಗೆ ಎಷ್ಟು ಜನ ಬಂದ್ರು ಅಂತ ಕೇಳ್ತಿದೀರಿ ನೀವು. ಊಟ ಆದ್ಮೇಲೂ ಎಷ್ಟು ಜನ ಉಳಿದ್ರು ಅನ್ನೋದು ನನ್ ಲೆಕ್ಕ."

ಜಾಹೀರಾತು ಬಂದದ್ದು ಆಮೇಲೆ. ಮೊದಲ ಸಲ ಅವಳು ಪ್ರತಿ ಎರಡು ಆಟಕ್ಕೊಂದು ಜಾಹೀರಾತು ತಾನಾಗಿ ಬರುವಂತೆ ಇಟ್ಟಳು. ಕೇಳುವುದಿಲ್ಲ, ಹೇಳುವುದಿಲ್ಲ, ಬಸ್ಸು ಹೊರಡುತ್ತಿದ್ದ ಹಾಗೆ ಪರದೆ ತುಂಬ ಯಾವುದೋ ಸಾಬೂನು. ಹತ್ತೇ ದಿನದಲ್ಲಿ ಏಳನೇ ದಿನದ ಅಂಕಿ ಜಾರಿತು. ಒಬ್ಬಾಕೆ ಒಂದೇ ನಕ್ಷತ್ರ ಕೊಟ್ಟು ಬರೆದಳು: "ಸೀಟು ಸಿಕ್ಕಿತು ಅನ್ನುವಷ್ಟರಲ್ಲಿ ಬಾಗಿಲು ಹಾಕಿಕೊಂಡ ಹಾಗಾಗುತ್ತದೆ." ಸೊಸೆ ಅದನ್ನು ಎರಡು ಸಲ ಓದಿ, ಅಂದೇ ಆ ಜಾಹೀರಾತುಗಳನ್ನು ತೆಗೆದಳು.

ಎರಡನೆಯ ಸಲ ಅವಳು ಬೇರೆ ದಾರಿ ಹಿಡಿದಳು. ಆಡುವವರೇ ಕೇಳಿ ನೋಡುವ ಜಾಹೀರಾತು, ಪೂರ್ತಿ ನೋಡಿದರೆ ಬಹುಮಾನವಾಗಿ ಒಂದು ಟವೆಲ್, ಹಾಕದಿದ್ದರೆ ಅದು ಮುಂದಕ್ಕೆ ಉಳಿಯುತ್ತದೆ. ನೋಡದೆ ಹೋದರೂ ಏನೂ ಕಳೆದುಕೊಳ್ಳುವುದಿಲ್ಲ. ಇದಕ್ಕೆ ಅವಳು ಹಾಕಿಕೊಂಡ ಕಟ್ಟುಪಾಡು ನೋಡಿ ನಾನು ನಕ್ಕಿದ್ದೆ. ಮೊದಲ ಒಂಬತ್ತು ಆಟಗಳಲ್ಲಿ ಜಾಹೀರಾತು ಕೇಳುವ ಗುಂಡಿ ಕಾಣಲೇಬಾರದು. ಆಟದ ರುಚಿ ಹತ್ತುವ ಮೊದಲು ಜಾಹೀರಾತಿನ ಮುಖ ತೋರಿಸುವುದು ಬೇಡ. ಹತ್ತನೆಯದರಿಂದ, ಅದೂ ಕಂಡಕ್ಟರ್ ಸೀಟಿ ಊದಿದ ಮೇಲೆ, ಆಡುವವರಿಗೆ ನಿಜವಾಗಿ ಟವೆಲ್ ಬೇಕಾದಾಗ ಮಾತ್ರ ಗುಂಡಿ ಬರಬೇಕು. ಜಾಹೀರಾತು ಫೋನಿಗೆ ಮೊದಲೇ ಬಂದು ಸಿದ್ಧವಾಗಿರಬೇಕು. ಸಿದ್ಧವಿಲ್ಲದಿದ್ದರೆ ಗುಂಡಿಯನ್ನೇ ತೋರಿಸಬಾರದು. ಅಜ್ಜಂಪುರ ದಾಟಿದ ಮೇಲೆ ರೈಲಿನಲ್ಲಿ ಸಿಗ್ನಲ್ ಹೋಗಿ ಬಂದು ಮಾಡುತ್ತದೆ. ಗುಂಡಿ ಒತ್ತಿದ ಮೇಲೆ ಸುಮ್ಮನೆ ಚಕ್ರ ತಿರುಗುತ್ತಿದ್ದರೆ ಎಂಥವರಿಗೂ ಸಿಟ್ಟು ಬರುತ್ತದೆ, ಅದು ಅವಳಿಗೆ ದಿನದ ಅನುಭವ. ಪೂರ್ತಿ ನೋಡಿದ್ದಾರೆಂದು ಜಾಹೀರಾತು ಕಂಪನಿಯ ಕಡೆಯಿಂದ ಖಾತ್ರಿ ಬಂದ ಮೇಲೆಯೇ ಟವೆಲ್. ಕೊನೆಯದಾಗಿ, ಒಂದು ಫೋನಿಗೆ ದಿನಕ್ಕೆ ಮೂರೇ.

"ಮೂರೇ ಯಾಕೆ? ಪಾಪ, ನೋಡೋರು ನೋಡ್ಲಿ ಬಿಡು."

"ಟವೆಲ್ ಸಲೀಸಾಗಿ ಸಿಕ್ರೆ ಯೋಚ್ನೆ ಮಾಡೋದು ಬಿಡ್ತಾರೆ ಮಾವ. ಯೋಚ್ನೆ ಮಾಡೋದೇ ಆಟ. ಅದು ಹೋದ್ರೆ ಜನಾನೂ ಹೋಗ್ತಾರೆ."

ಗುಂಡಿಯ ಮೇಲಿನ ಮಾತನ್ನು ಮಾತ್ರ ನನಗೆ ಬಿಟ್ಟಳು. ನಾನು ಬರೆದೆ: "ಒಂದು ಜಾಹೀರಾತು ನೋಡಿದ್ರೆ ಒಂದು ಟವೆಲ್. ಬೇಡಾಂದ್ರೆ ಬೇಜಾರಿಲ್ಲ." ಮೊದಲು ಅರ್ಧದಷ್ಟು ಜನರ ಫೋನಿಗೆ ಮಾತ್ರ ಇದನ್ನು ಕಳಿಸಿ, ಉಳಿದರ್ಧಕ್ಕೆ ಹಳೆಯ ಆಟವನ್ನೇ ಬಿಟ್ಟಳು. ಎರಡು ವಾರ ಎರಡೂ ಕಡೆ ತೂಗಿದಳು. ಗುಂಡಿ ಇದ್ದವರ ಕಡೆ ಏಳನೇ ದಿನ ಉಳಿದವರು ಕಡಿಮೆಯಾಗಿರಲಿಲ್ಲ, ಒಂದಿಷ್ಟು ಹೆಚ್ಚೇ ಇದ್ದರು. ಸೋತು ಬಿಟ್ಟುಹೋಗುತ್ತಿದ್ದವರನ್ನು ಒಂದು ಟವೆಲ್ ಹಿಡಿದು ಕೂರಿಸಿತ್ತು. ಅಂದು ಅವಳು ಕೆಳಗಿನ ಹೋಟೆಲಿನಿಂದ ನಾಲ್ಕು ಮಸಾಲೆ ದೋಸೆ ತರಿಸಿದ್ದಳು, ತಿನ್ನಲು ಇಬ್ಬರೇ ಇದ್ದರೂ.

ಇದೆಲ್ಲ ಇಷ್ಟು ಎಚ್ಚರದಿಂದ ನಡೆಯುತ್ತಿದ್ದುದಕ್ಕೆ ಕಾರಣವಿತ್ತು. ತರೀಕೆರೆಯ ಒಂದು ಕಾಲೇಜಿನಲ್ಲಿ ಅವಳಿಗೆ ಕಂಪ್ಯೂಟರ್ ಪಾಠ ಹೇಳುವ ಕೆಲಸ ಸಿಗುವುದಿತ್ತು. ತರಗತಿಗಳು ಶುರುವಾಗುವವರೆಗೆ ಅವರು ಕಾಯುತ್ತೇವೆಂದಿದ್ದರು. ಶಿವನಿಯ ಮನೆಯಲ್ಲಿ ಯಾರೂ ಬಲವಂತ ಮಾಡಿರಲಿಲ್ಲ. ತನಗೆ ತಾನೇ ಅವಳು ಗಡುವು ಹಾಕಿಕೊಂಡಿದ್ದಳು: ಅಷ್ಟರೊಳಗೆ ಜಾಹೀರಾತಿನ ದುಡ್ಡಿನಿಂದ ಆಟ ತನ್ನ ಕಾಲ ಮೇಲೆ ನಿಂತರೆ ಕಾಲೇಜಿಗೆ ಬೇಡವೆನ್ನುವುದು, ನಿಲ್ಲದಿದ್ದರೆ ಕೋಣೆಯ ಬೀಗದ ಕೈ ನನಗೆ ಕೊಟ್ಟು ತರೀಕೆರೆಗೆ ಹೋಗುವುದು. ಆಟ ಕಾಲ ಮೇಲೆ ನಿಲ್ಲುವ ಸೂಚನೆ ನಿಚ್ಚಳವಾಗಿತ್ತು. ಅವಸರ ಮಾಡದಿದ್ದರೆ ಸಾಕಿತ್ತು.

ಅವಸರ ಮಾಡಿದವನು ನಾನು.

ಗುಂಡಿಯ ಮಾತು, ಬಸ್ಸಿನವರ ಮಾತು, ಇವನ್ನೆಲ್ಲ ಆಟವನ್ನು ಹೊಸದಾಗಿ ಕಳಿಸದೆಯೇ ಬದಲಿಸಲು ಕಂಪ್ಯೂಟರಿನಲ್ಲಿ ಒಂದು ಪ್ಯಾನೆಲ್ ಇತ್ತು. ಅಕ್ಷರ ತಪ್ಪಾದರೆ ನಾನೇ ತಿದ್ದಲಿ ಎಂದು ಅವಳು ನನಗೂ ಅದಕ್ಕೊಂದು ಬೇರೆ ಪಾಸ್‌ವರ್ಡ್ ಕೊಟ್ಟಿದ್ದಳು. ನನ್ನ ಮಾತುಗಳ ಸಾಲಿನ ಕೆಳಗೇ ಆ ಮೂರು ಅನ್ನುವ ಅಂಕಿಯೂ ಇತ್ತು.

ಆ ತಿಂಗಳು ನನ್ನ ಮಗಳ ಮದುವೆ. ತರೀಕೆರೆಯ ಒಂದು ಛತ್ರದಲ್ಲಿ. ನಮ್ಮ ಕಡೆ ಮುಯ್ಯಿ ಅಂದರೆ ಗೊತ್ತಲ್ಲ, ನಾನು ನಿಮ್ಮ ಮನೆ ಮದುವೆಗೆ ಏನು ಕೊಟ್ಟೆನೋ ಅದನ್ನು ನೀವು ನನ್ನ ಮನೆ ಮದುವೆಯಲ್ಲಿ, ಒಂದಿಷ್ಟು ಮೇಲೆ ಸೇರಿಸಿ, ತಿರುಗಿ ಕೊಡಲೇಬೇಕು. ಇಪ್ಪತ್ತು ವರ್ಷ ಊರೂರಿಗೆ ಲಗ್ನಪತ್ರಿಕೆ ಅಚ್ಚು ಹಾಕಿಕೊಟ್ಟು, ಆ ಮದುವೆಗಳಿಗೆಲ್ಲ ಹೋಗಿ ಮುಯ್ಯಿ ಮಾಡಿ ಬಂದವನು ನಾನು. ಎಲ್ಲರೂ ನನಗೆ ತಿರುಗಿ ಕೊಡಬೇಕಾದವರೇ. ನನಗೆ ಒಂದು ಯೋಚನೆ ಹೊಳೆಯಿತು, ಹೊಳೆದಾಗ ಬಹಳ ಚೆಂದ ಕಂಡಿತು. ನನ್ನ ಮಗಳಿಗೆ ಉಡುಗೊರೆ ಬೇಡ. ನನ್ನ ಸೊಸೆಯ ಆಟಕ್ಕೆ ಮುಯ್ಯಿ ಮಾಡಲಿ.

ಮದುವೆಯ ಹಿಂದಿನ ದಿನ ಪ್ಯಾನೆಲ್ ತೆರೆದು ಮೂರನ್ನು ಇಪ್ಪತ್ತು ಮಾಡಿದೆ.

ಊಟದ ಪಂಕ್ತಿಯಲ್ಲಿ ಎಲೆ ಎಲೆಗೂ ಹೋಗಿ ಕೈ ಮುಗಿದೆ. "ಮುಯ್ಯಿ ಗಿಯ್ಯಿ ಬ್ಯಾಡಿ. ಫೋನ್ ತೆಗೀರಿ, ನಮ್ ಹುಡ್ಗಿ ಆಟ ಹಾಕ್ಕೊಳ್ಳಿ. ಅದ್ರಲ್ಲಿ ವೀಡಿಯೋ ಬತ್ತೈತೆ, ನೋಡ್ರಿ. ಅದೇ ಮುಯ್ಯಿ."

"ಎಷ್ಟು ನೋಡ್ಬೇಕಣ್ಣಾ?" ಎಂದು ಕೇಳಿದ ನಮ್ಮ ಷಡ್ಡಕ, ಪಾಯಸಕ್ಕೆ ಹಪ್ಪಳ ಮುರಿಯುತ್ತ.

"ಇಪ್ಪತ್ತು ನೋಡ್ಬೋದು."

"ನೀನು ನಮ್ ಮನೆ ಮದ್ವೇಲಿ ಬೆಳ್ಳಿ ದೀಪ ಕೊಟ್ಟಿದ್ದೀಯ. ಇಪ್ಪತ್ತಕ್ಕೆ ಸರಿಹೋಯ್ತದಾ? ನನ್ ಹೆಂಡ್ತಿ ಫೋನಲ್ಲೂ ನೋಡ್ತೀನಿ ಬಿಡು."

ಅದು ಹಾಗೇ ಎಲೆಯಿಂದ ಎಲೆಗೆ ಹಬ್ಬಿತು. ಬೀಗರ ಕಡೆಯವರೂ ಬಿಡಲಿಲ್ಲ. ಮುಯ್ಯಿ ಅಂದಮೇಲೆ ಮೇಲೊಂದು ಸೇರಿಸಬೇಕು, ಇನ್ನೊಬ್ಬರಿಗಿಂತ ಕಡಿಮೆ ಆಗಬಾರದು. ಛತ್ರದ ಹಜಾರದಲ್ಲಿ ನಾದಸ್ವರ ನಿಂತ ಮೇಲೆ ಕೇಳಿಸುತ್ತಿದ್ದುದು ಬರೀ ಸಾಬೂನು, ಬಿಸ್ಕತ್ತು, ಸಾಲದ ಆ್ಯಪುಗಳ ಸಂಗೀತ. ಹತ್ತನೇ ಆಟದವರೆಗೆ ಹೋಗಲು ಬಾರದವರಿಗೆ ಬಲ್ಲವರು ಆಡಿಕೊಟ್ಟರು. ಬೇಕೆಂತಲೇ ಸೋಲುವುದು, ವೀಡಿಯೊ ನೋಡುವುದು, ಮತ್ತೆ ಸೋಲುವುದು. ಕೆಲವರಂತೂ ವೀಡಿಯೊ ಹಚ್ಚಿ ಫೋನನ್ನು ಎಲೆಯಡಿಕೆ ತಟ್ಟೆಯ ಪಕ್ಕ ಮಲಗಿಸಿ ಮಾತಿಗೆ ಕೂತಿದ್ದರು. ಪರದೆ ಮೇಲೆ ಏನು ಕಂಡರೂ ಒಂದು ಸಲ ಒತ್ತಿಬಿಡುವವರೂ ಇದ್ದರು, ಅದೂ ಸಹಾಯವೇ ಇರಬೇಕೆಂದು. ಸೊಸೆ ಇದೊಂದನ್ನೂ ನೋಡಲಿಲ್ಲ. ಅವಳು ಇಡೀ ದಿನ ಮದುಮಗಳ ಕೋಣೆಯಲ್ಲಿ ಪಿನ್ನು, ಮಲ್ಲಿಗೆ ದಂಡೆ ಹಿಡಿದು ನಿಂತಿದ್ದಳು. ನಾನು ಹೇಳಲೂ ಇಲ್ಲ. ಆಮೇಲೆ ಬೆಕ್ಕಸ ಪಡಲಿ ಎಂದು.

ಮದುವೆ ಮುಗಿದ ಮೂರನೇ ದಿನ ಅವಳು ಕೋಣೆಗೆ ಬಂದು ಪಟ್ಟಿ ತೆರೆದಳು. ಒಂದೇ ಸಾಲನ್ನು ಮತ್ತೆ ಮತ್ತೆ ಓದಿದಳು. ನಾನು ಕೆಳಗಿನಿಂದ ಕಾಫಿ ತಂದು ಪಕ್ಕದಲ್ಲಿಟ್ಟು ಹೊಗಳಿಕೆಗೆ ಕಾಯುತ್ತ ನಿಂತೆ.

"ಏನೋ ಕೆಟ್ಟೋಗಿದೆ ಮಾವ," ಎಂದಳು. "ನೋಡಿದೋರ ಲೆಕ್ಕ ಒಂದೇ ದಿನಕ್ಕೆ ಹಿಂಗೆ ಏರಕ್ಕೆ ಸಾಧ್ಯಾನೇ ಇಲ್ಲ. ಒಂದ್ ಸಲ ನೋಡಿದ್ದನ್ನ ಹತ್ತು ಸಲ ಎಣಿಸ್ತಿದೆಯೋ ಏನೋ."

ಅವಳ ಮುಖದಲ್ಲಿ ಸಂತೋಷ ಹುಡುಕುತ್ತಿದ್ದ ನನಗೆ ಕಂಡದ್ದು ದಿಗಿಲು. ಆಗಲೇ ಹೇಳಿಬಿಡಬೇಕಿತ್ತು. ನಾನು ಕಾಫಿ ಆರುತ್ತದೆ ಕುಡಿ ಎಂದೆ. ಅವಳು ಊಟಕ್ಕೆ ಎದ್ದಾಗ ಪ್ಯಾನೆಲ್ ತೆರೆದು ಇಪ್ಪತ್ತನ್ನು ಮತ್ತೆ ಮೂರು ಮಾಡಿದೆ. ಮೊದಲಿದ್ದಂತೆ ಆಯಿತಲ್ಲ ಎಂದುಕೊಂಡೆ.

ಮರುದಿನ ಜಾಹೀರಾತು ಕಂಪನಿಯಿಂದ ಪತ್ರ ಬಂತು. ಅವಳು ಅದನ್ನು ಓದಿ ನನಗೆ ಕನ್ನಡದಲ್ಲಿ ಹೇಳಿದಳು: ನಿಮ್ಮ ಆಟದಲ್ಲಿ ಜಾಹೀರಾತು ನೋಡುತ್ತಿರುವ ರೀತಿ ಸಹಜವಾಗಿಲ್ಲ, ಆದ್ದರಿಂದ ನಿಮಗೆ ಕಳಿಸುವ ಜಾಹೀರಾತುಗಳನ್ನು ಮಿತಿಗೊಳಿಸಿದ್ದೇವೆ. ಎಲ್ಲಿಯವರೆಗೆ ಎಂದು ಬರೆದಿರಲಿಲ್ಲ. ಸಾಮಾನ್ಯವಾಗಿ ಒಂದು ತಿಂಗಳ ಒಳಗೆ ಬಿಡುತ್ತಾರೆ, ಬಿಡದೆಯೂ ಇರಬಹುದು, ಹೀಗೇ ಮುಂದುವರಿದರೆ ಖಾತೆಯನ್ನೇ ಮುಚ್ಚಬಹುದು.

"ಯಾರೋ ಬೇಕೂಂತ ನೋಡಿದಾರೆ ಅಂತ ಅವ್ರಿಗೆ ಅನ್ಸಿದೆ. ನಾವೇ ಜನಾನ ಕೂರಿಸಿ ನೋಡಿಸ್ತಿದೀವಿ ಅಂತ," ಎಂದಳು.

"ಹಾಗಾದ್ರೆ ತಪ್ಪಾ ಅದು?"

"ಮೋಸ ಮಾವ. ಜಾಹೀರಾತು ಕೊಟ್ಟೋರು ದುಡ್ಡು ಕೊಡೋದು ನೋಡೋ ಮನಸ್ಸಿರೋರಿಗೆ ತೋರ್ಸಕ್ಕೆ. ನಮಗೋಸ್ಕರ ನೋಡಿ ಅಂತ ಜನರನ್ನ ಕೇಳಲೇಬಾರ್ದು. ಅವ್ರ ಕಾನೂನಲ್ಲೇ ಬರ್ದಿದೆ."

ಎರಡು ದಿನ ಅವಳು ತಲೆಯೆತ್ತದೆ ಕೂತು ತನ್ನ ಪ್ರೋಗ್ರಾಂ ಓದಿದಳು. ಎರಡು ದಿನ ನಾನು ಕೆಳಗೆ ಅಂಗಡಿಯಲ್ಲಿ ಗೃಹಪ್ರವೇಶದ ಪತ್ರಿಕೆಯೊಂದನ್ನು ಜೋಡಿಸುತ್ತ, "ತಮ್ಮ ಆಗಮನಾಭಿಲಾಷಿಗಳು" ಅನ್ನುವ ಸಾಲನ್ನು ಎರಡೆರಡು ಸಲ ಕೂರಿಸಿ ಗಿರಾಕಿಯಿಂದ ಬೈಸಿಕೊಂಡೆ. ಮೇಲಿನಿಂದ ಕುರ್ಚಿ ಎಳೆದ ಸದ್ದು ಕೇಳಿದರೆ ಮೆಟ್ಟಿಲ ಕಡೆ ತಿರುಗಿ ನೋಡುತ್ತಿದ್ದೆ. ಹೆಂಡತಿಗೆ ಹೇಳಿದೆ. ಅವಳು ಮದುವೆಮನೆಯ ಪಾತ್ರೆ ಎಣಿಸುವುದನ್ನು ನಿಲ್ಲಿಸಿ, "ನನ್ ಹತ್ರ ಹೇಳಿದ್ದಾಯ್ತಲ್ಲ, ಈಗ ಮೆಟ್ಲು ಹತ್ತಿ ಅವ್ಳ ಹತ್ರ ಹೇಳಿ," ಎಂದಳು.

ಮೂರನೇ ದಿನ ಮೆಟ್ಟಿಲು ಹತ್ತಿದೆ. ಎಲ್ಲ ಹೇಳಿದೆ. ಪಂಕ್ತಿಯಲ್ಲಿ ಕೈ ಮುಗಿದದ್ದು, ಇಪ್ಪತ್ತು ಮಾಡಿದ್ದು, ತಿರುಗಿ ಮೂರು ಮಾಡಿದ್ದು. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು ಮಾವ."

"ಗೊತ್ತಾ?"

"ಪ್ಯಾನೆಲಲ್ಲಿ ಯಾರು ಯಾವಾಗ ಏನು ಬದಲಿಸಿದ್ರು ಅನ್ನೋದೆಲ್ಲ ಉಳೀತದೆ. ಪತ್ರ ಬಂದ ಸಾಯಂಕಾಲಾನೇ ನೋಡ್ದೆ."

"ಮತ್ತೆ ಎರಡು ದಿನದಿಂದ ಏನ್ ಹುಡುಕ್ತಿದ್ದೆ?"

"ಏನೂ ಹುಡುಕ್ತಿರ್ಲಿಲ್ಲ. ನೀವೇ ಹೇಳ್ತೀರೇನೋ ಅಂತ ಕೂತಿದ್ದೆ."

ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದೆ ಕಣಮ್ಮ ಎಂದು ನಾನು ಶುರು ಮಾಡಿದಾಗ ಮಾತ್ರ ಕೈ ಎತ್ತಿದಳು. "ಅದೇ ಕಷ್ಟ. ಕೆಟ್ಟ ಮನಸ್ಸಿಂದ ಮಾಡಿದ್ರೆ ಜಗಳ ಆಡ್ಬೋದಿತ್ತು."

ಆಮೇಲೆ ಮಾಡಬೇಕಾದ್ದನ್ನು ಹೇಳಿದಳು. ಮೊದಲು ನನ್ನ ಪಾಸ್‌ವರ್ಡ್ ತೆಗೆದಳು. ಕಂಪನಿಯ ಸಹಾಯ ಪುಟದಲ್ಲಿದ್ದ ನಮೂನೆ ತುಂಬಿ, ನಡೆದದ್ದನ್ನು ನಡೆದ ಹಾಗೆ ಬರೆದಳು. ಜಾಹೀರಾತು ಬಾರದಿದ್ದಾಗ ಗುಂಡಿ ತಾನಾಗಿ ಮರೆಯಾಗುತ್ತಿತ್ತು, ಆದರೆ ಅದನ್ನೇ ನಂಬಿ ಆಡುತ್ತಿದ್ದವರು ಬೇಸರಪಡಬಾರದೆಂದು ದಿನಕ್ಕೊಂದು ಟವೆಲ್ ಪುಕ್ಕಟೆ ಕೊಡುವಂತೆ ಮಾಡಿದಳು. ಕೊನೆಯ ಕೆಲಸ ನನ್ನದು. ಮುಯ್ಯಿ ಮಾಡಿದವರೆಲ್ಲರಿಗೂ ನಿಲ್ಲಿಸಿ ಎಂದು ಹೇಳುವುದು. ಕೆಲವರು ಮನೆಗೆ ಹೋದ ಮೇಲೂ ಬಂದಷ್ಟು ಜಾಹೀರಾತನ್ನು ದಿನಾ ನೋಡುತ್ತಲೇ ಇದ್ದರು, ಬಾಕಿ ಉಳಿಸಿಕೊಳ್ಳಬಾರದೆಂದು.

ಫೋನಿನಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ಉಪಚಾರಕ್ಕೆ ಬೇಡವೆನ್ನುತ್ತಿದ್ದೇನೆ ಎಂದುಕೊಂಡರು. ಷಡ್ಡಕ, "ಆಯ್ತು ಆಯ್ತು, ನೀನು ಬ್ಯಾಡ ಅಂತಿಯಾ, ನಾವು ಬಿಟ್ಬಿಡ್ತೀವಾ?" ಎಂದು ನಕ್ಕು ಫೋನ್ ಇಟ್ಟ. ಹಾಗಾಗಿ ಗಾಡಿ ತೆಗೆದುಕೊಂಡು ಮನೆ ಮನೆಗೆ ಹೋದೆ. ಅಜ್ಜಂಪುರದಲ್ಲಿ, ಮಗಳನ್ನು ಕೊಟ್ಟ ಮನೆಯಲ್ಲಿ, ಬೀಗರ ತಮ್ಮ ಮುಖ ಸಿಂಡರಿಸಿದರು. "ಏನ್ರೀ ಇದು, ಕೊಟ್ಟ ಮುಯ್ಯೀನ ವಾಪಸ್ ತಗಂಡೋಗಿ ಅಂತ ಬಂದಿದೀರಲ್ಲ? ನಮ್ದು ಕಮ್ಮಿ ಆಯ್ತಾ?" ಹೊಸ ಸಂಬಂಧ. ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತು ಅಪ್ಪನನ್ನೇ ನೋಡುತ್ತಿದ್ದಳು. ಕಂಪನಿಯವರು ಹೇಗೆ ಕಂಡುಹಿಡಿಯುತ್ತಾರೆಂದು ವಿವರಿಸಲು ಹೋದೆ: ಒಂದೇ ಛತ್ರದಿಂದ, ಒಂದೇ ಹೊತ್ತಿಗೆ, ಅಷ್ಟು ಫೋನು, ಒಂದರ ಹಿಂದೊಂದು. ಅವರು ಪೂರ್ತಿ ಕೇಳಿ, "ಅಂದ್ರೆ ನಾವು ಕಳ್ರು ಅಂದಂಗಾಯ್ತು," ಎಂದರು. ನೀರು ಕುಡಿದು ಎದ್ದು ಬಂದೆ.

ಪಂಚನಹಳ್ಳಿಯ ಚಿಕ್ಕವ್ವನ ಮನೆಗೆ ಕೊನೆಯಲ್ಲಿ ಹೋದೆ. ಅವಳ ಹತ್ತಿರವಾದರೂ ನಗು ಸಿಕ್ಕೀತು ಎಂಬ ಆಸೆ. ಮೊದಲ ದಿನದಿಂದ ನಮ್ಮ ಆಟ ಆಡಿದವಳು ಅವಳು. ಒಂದು ಆಟ ಬಿಡಿಸಲಾಗದಿದ್ದರೆ ಬೆಳಿಗ್ಗೆಯೇ ಫೋನ್ ಮಾಡಿ, "ಆ ಕೋಳಿ ಬುಟ್ಟಿಯೋನ್ನ ಎಲ್ಲಿ ಕೂರಿಸ್ಲೋ, ನನ್ ತೊಡೆ ಮ್ಯಾಲಾ?" ಎಂದು ಬೈಯುತ್ತಿದ್ದವಳು. ಜಗಲಿಯಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಫೋನು ದೂರದಲ್ಲಿ, ಗೂಡಿನಲ್ಲಿತ್ತು.

"ಮುಯ್ಯಿ ನಿಲ್ಸು ಅನ್ನಕ್ಕೆ ಬಂದ್ಯಾ? ನಿಲ್ಸಿ ವಾರ ಆಯ್ತು ಕಣೋ," ಎಂದಳು.

"ಯಾಕೆ ಚಿಕ್ಕವ್ವ?"

"ಆಟಾನೇ ಬಿಟ್ಟೆ."

ಫೋನ್ ತೆಗೆದು ತೋರಿಸಿದಳು. ಬಸ್ಸಿನ ಮೇಲಿನ ಮೂಲೆಯಲ್ಲಿ ನೂರಕ್ಕೂ ಹೆಚ್ಚು ಟವೆಲ್. ಅವಳ ಫೋನು, ಮಗನ ಫೋನಿನಲ್ಲಿದ್ದ ಅವಳದೇ ಖಾತೆ, ಎರಡರಲ್ಲೂ ನಿಷ್ಠೆಯಿಂದ ದಿನಾ ಇಪ್ಪತ್ತು ನೋಡಿದ್ದಳು, ನಾನು ಅಂಕಿ ಮೂರಕ್ಕೆ ಇಳಿಸುವವರೆಗೆ.

"ಸೋತಾಗೆಲ್ಲಾ ಟವೆಲ್ ಹಾಕು, ಹಾಕು, ಹಾಕು. ಬಸ್ಸು ಹೊಂಟೋಯ್ತದೆ. ಯಾರ್ನ ಎಲ್ಲಿ ಕೂರಿಸಿದ್ರೂ ಹೊಂಟೋಯ್ತದೆ. ಮೊದ್ಲು ಒಂದು ಬಸ್ಸು ಹೊರಡ್ಸಕ್ಕೆ ನನಗೆ ಕಾಫಿ ಆರೋದು. ಈಗ ಅದ್ರಲ್ಲಿ ಏನೈತೆ? ನಂಗೂ ಬ್ಯಾಸರ ಆಯ್ತು."

"ಟವೆಲ್ ಹಾಕ್ದೆ ಆಡು."

"ಇಟ್ಕಂಡು ಹಾಕ್ದೆ ಆಡಕ್ಕೆ ಆಯ್ತದೇನೋ? ಜೇಬಲ್ಲಿ ಬೀಡಿ ಇಟ್ಕಂಡು ಸೇದಬ್ಯಾಡ ಅಂದ್ರೆ ನಿಮ್ ಚಿಕ್ಕಪ್ಪ ಕೇಳೋನಾ?"

ಹಿಂದಿರುಗುವ ದಾರಿಯುದ್ದಕ್ಕೂ ಸೊಸೆಯ ಮಾತು ತಲೆಯಲ್ಲಿತ್ತು. ಯೋಚನೆ ಮಾಡುವುದೇ ಆಟ. ಅವಳು ಅದನ್ನು ಹೇಳಿದಾಗ ನಾನು ಪಾಪ ನೋಡಲಿ ಬಿಡು ಎಂದಿದ್ದೆ. ಕಂಪನಿಯ ಪತ್ರ ನಮ್ಮ ಗಳಿಕೆಯನ್ನು ನಿಲ್ಲಿಸಿತ್ತು. ಆದರೆ ಜನರನ್ನು ಓಡಿಸಿದ್ದು ಆ ಪತ್ರವಲ್ಲ.

ಸೊಸೆಗೆ ಇದನ್ನು ಹೇಳಿದೆ. ಅವಳಿಗೆ ಅಂಕಿಯಲ್ಲಿ ಆಗಲೇ ಕಂಡಿತ್ತು. ಮದುವೆಯ ದಿನ ಹೊಸದಾಗಿ ಹಾಕಿಕೊಂಡವರಲ್ಲಿ, ಬಾಕಿ ತೀರಿಸುತ್ತಿದ್ದ ಕೆಲವರನ್ನು ಬಿಟ್ಟರೆ, ಏಳನೇ ದಿನಕ್ಕೆ ಒಬ್ಬರೂ ಉಳಿದಿರಲಿಲ್ಲ. ಅವರು ಆಟಕ್ಕೆ ಬಂದವರಲ್ಲ, ಮುಯ್ಯಿಗೆ ಬಂದವರು, ಅದು ಸರಿ. ಹಳಬರು ಹೋಗುತ್ತಿರುವುದೇ ಅವಳಿಗೆ ನೋವು. ಇಪ್ಪತ್ತು ಅನ್ನುವ ಅಂಕಿ ಛತ್ರಕ್ಕೆ ಮಾತ್ರ ತೆರೆದಿರಲಿಲ್ಲ, ರಾಜ್ಯದ ಉದ್ದಗಲಕ್ಕೂ ಆಡುವವರಿಗೆಲ್ಲ ತೆರೆದಿತ್ತು. ಆ ನಾಲ್ಕು ದಿನಗಳಲ್ಲಿ ಟವೆಲ್ ಕೂಡಿಟ್ಟುಕೊಂಡವರೇ ಒಬ್ಬೊಬ್ಬರಾಗಿ ಬಿಡುತ್ತಿದ್ದರು.

"ಕೂಡಿಟ್ಟಿರೋದನ್ನ ತೆಗೆದ್ಬಿಡು ಮತ್ತೆ," ಎಂದೆ.

"ಕೊಟ್ಟದ್ದನ್ನ ಕಿತ್ಕೊಂಡ್ರೆ ಉಳಿದೋರೂ ಹೋಗ್ತಾರೆ. ಅವ್ರು ಕೂತು ನೋಡಿ ಗಳಿಸಿದ್ದು ಅದು. ತಪ್ಪು ನಮ್ದು." ನಮ್ಮದು ಎಂದಳು, ನಿಮ್ಮದು ಅನ್ನಲಿಲ್ಲ.

ಆ ಮಧ್ಯಾಹ್ನ ಇಬ್ಬರೂ ಬಹಳ ಹೊತ್ತು ಕೂತೆವು. ಕೊನೆಗೆ ಅವಳು ಒಂದು ದಾರಿ ಕಂಡಳು. ಟವೆಲ್ ಎಷ್ಟಾದರೂ ಇರಲಿ, ಒಂದು ಬಸ್ಸಿಗೆ ಒಂದೇ ಹಾಕಬಹುದು. ನಿಜವಾದ ಬಸ್ಸಿನಲ್ಲೂ ಒಬ್ಬ ಮನುಷ್ಯ ಐದು ಸೀಟಿಗೆ ಟವೆಲ್ ಎಸೆದರೆ ಹೊಡೆದಾಟವೇ ಆಗುತ್ತದೆ. ನನಗೆ ಒಂದು ಮಾತು ಬರೆಯಲು ಹೇಳಿದಳು. ಎರಡನೇ ಟವೆಲ್ ಎತ್ತಿದರೆ ಕಂಡಕ್ಟರ್ ಅನ್ನುವುದು: "ಯಜಮಾನ್ರೇ, ಬಸ್ಸೇನು ಬಾಡಿಗೆಗೆ ಹಿಡಿದಿದೀರಾ? ಒಂದೇ ಸಾಕು." ಎಂದಿನಂತೆ ಅರ್ಧ ಜನರಿಗೆ ಮೊದಲು ಕಳಿಸಿದಳು. ಕಳಿಸುವ ಗುಂಡಿಯನ್ನು ಒತ್ತಿ, ಕೈ ಮಡಿಚಿ ಕೂತು, "ಇನ್ನು ಎರಡು ವಾರ," ಎಂದಳು. ಕಾಲೇಜಿನ ತರಗತಿಗೆ ಉಳಿದಿದ್ದುದು ಹತ್ತು ದಿನ.

"ಒಂದ್ ತಿಂಗ್ಳು ತಡ ಮಾಡಿ ಅಂತ ಕೇಳ್ಬೋದಲ್ಲ?"

"ಎರಡು ಸಲ ಕೇಳಿದೀನಿ ಮಾವ. ಮೂರನೇ ಸಲ ಕೇಳಕ್ಕೆ ನನ್ ಹತ್ರ ಏನಿದೆ? ಜಾಹೀರಾತು ಯಾವಾಗ ಬಿಡ್ತಾರೋ ಗೊತ್ತಿಲ್ಲ. ಬಿಟ್ಟ ಮೇಲೆ ಜನ ಇರ್ತಾರೋ ಗೊತ್ತಿಲ್ಲ."

ಹತ್ತನೇ ದಿನವೂ ಕಂಪನಿಯಿಂದ ಪತ್ರ ಬರಲಿಲ್ಲ. ಅವಳು ಕಾಲೇಜಿಗೆ ಒಪ್ಪಿಗೆ ಹೇಳಿದಳು. ತಾನು ಮೊದಲೇ ಅಂದುಕೊಂಡಂತೆ ಕೋಣೆಯ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟಳು. ಆಟ ನಿಲ್ಲಿಸುವುದಿಲ್ಲ, ರಜಾದಿನಗಳಲ್ಲಿ ಮನೆಯಿಂದಲೇ ನೋಡಿಕೊಳ್ಳುತ್ತೇನೆ ಎಂದಳು. ನಾನು ಅವಳ ಕಂಪ್ಯೂಟರನ್ನು ಮೂಟೆ ಕಟ್ಟಿ ಸ್ಟೇಷನ್ನಿಗೆ ಹೊತ್ತುಕೊಂಡು ಹೋದೆ. ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಪಕ್ಕ ಕೂತಳು. ನಾನು ಹೊರಗಿನಿಂದ ಕಂಬಿ ಹಿಡಿದು ನಿಂತು, ತಪ್ಪಾಯ್ತು ಕಣಮ್ಮ ಎಂದೆ. ಆವರೆಗೆ ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲವೆಂದು ಹೇಳಿದ ಮೇಲೆ ಹೊಳೆಯಿತು.

"ಆಯ್ತು ಮಾವ, ಕೈ ತೆಗೀರಿ, ರೈಲು ಹೊರಟ್ತು," ಎಂದಳು.

ಅವಳು ಕೆಲಸಕ್ಕೆ ಸೇರಿದ ಮೂರನೇ ವಾರ ಕಂಪನಿಯವರು ಮಿತಿ ತೆಗೆದರು. ಜಾಹೀರಾತು ಮತ್ತೆ ಬರತೊಡಗಿತು, ದಿನಕ್ಕೆ ಮೂರೇ. ಒಂದು ಬಸ್ಸಿಗೊಂದು ಟವೆಲ್ ಅನ್ನುವ ನಿಯಮ ಈಗ ಎಲ್ಲರ ಫೋನಿನಲ್ಲೂ ಇದೆ. ಹಳಬರಲ್ಲಿ ಕೆಲವರು ಮರಳಿದ್ದಾರೆ, ಹಲವರು ಮರಳಿಲ್ಲ. ಮೊದಲಿನ ಮಟ್ಟಕ್ಕೆ ಬರಲು ಎಷ್ಟು ಕಾಲ ಬೇಕೆಂದು ಕೇಳಿದರೆ ಅವಳು ಭುಜ ಹಾರಿಸುತ್ತಾಳೆ.

ವಾರಕ್ಕೊಮ್ಮೆ ಅವಳು ತರೀಕೆರೆಯಿಂದ ನನಗೆ ಏಳನೇ ದಿನದ ಅಂಕಿ ಕಳಿಸುತ್ತಾಳೆ. ಮೊದಲೆಲ್ಲ ಅದರ ಜೊತೆಗೆ ಒಂದು ತಮಾಷೆಯೋ, ನನ್ನ ಮಾತಿನಲ್ಲಿ ಒಂದು ತಪ್ಪೋ, ಊಟ ಆಯ್ತಾ ಅನ್ನುವುದೋ ಇರುತ್ತಿತ್ತು. ಈಗ ಬರೀ ಅಂಕಿ. ಹೋದ ವಾರದ್ದು ಅದರ ಹಿಂದಿನ ವಾರಕ್ಕಿಂತ ಒಂದಿಷ್ಟು ಮೇಲಿತ್ತು. ನಾನು ಸಂತೋಷ ಎಂದು ಬರೆದೆ, ಅಳಿಸಿದೆ. ಹೊಸದಾಗಿ ಏನಾದರೂ ಮಾತು ಬೇಕೇ ಎಂದು ಬರೆದು ಕಳಿಸಿದೆ. ಪಾಠ ಮುಗಿಸಿ ನೋಡಿರಬೇಕು, ಸಂಜೆ ಐದಕ್ಕೆ ಉತ್ತರ ಬಂತು: "ಬೇಕಾದಾಗ ಕೇಳ್ತೀನಿ."